ಮಲೇಷ್ಯಾದಲ್ಲಿ ಊಟ ಹೇಳೋಕೆ, ಚೌಕಾಸಿ ಮಾಡೋಕೆ ಬೇಕಾದಷ್ಟು ಮಲಯ್

"ಮಲೇಷ್ಯಾಗೆ ಹೋಗ್ತಿದ್ದೀವಿ, ಮಲಯ್ ಒಂದು ಪದವೂ ಬರಲ್ಲ. ನಾವು ಸಸ್ಯಾಹಾರಿಗಳು ಬೇರೆ. ಹೋಟೆಲಲ್ಲಿ, ಅಂಗಡೀಲಿ ಹೇಳೋಕೆ ನಾಲ್ಕು ಮಾತು ಕನ್ನಡದಲ್ಲಿ ಬರೆದುಕೊಡ್ತೀರಾ?"

ಉದ್ದ ವಾಕ್ಯಗಳನ್ನು ಬಾಯಿಪಾಠ ಮಾಡಬೇಡಿ. ಆರು ಪದ ಗಟ್ಟಿ ಮಾಡಿಕೊಂಡರೆ ಮಿಕ್ಕಿದ್ದನ್ನೆಲ್ಲ ಅದಕ್ಕೆ ಜೋಡಿಸಬಹುದು. ನಕ್ ಎಂದರೆ ಬೇಕು. ತಕ್ ಎಂದರೆ ಇಲ್ಲ. ಆಡ ಎಂದರೆ ಇದೆ, ಬೊಲೆಹ್ ಎಂದರೆ ಆಗುತ್ತೆ, ಕೂರಙ್ ಎಂದರೆ ಕಮ್ಮಿ, ಬರಾಪ ಎಂದರೆ ಎಷ್ಟು. ಚಹಾದ ಸಕ್ಕರೆಗೂ ಅಂಗಿಯ ಬೆಲೆಗೂ ಅದೇ ಕೂರಙ್ ನಡೆಯುತ್ತದೆ.

ಓದುವಾಗ ಮೂರು ವಿಷಯ ಗಮನದಲ್ಲಿರಲಿ. ನಕ್, ತಕ್ ಎಂಬಲ್ಲಿ ಕೊನೆಯ ಕ್ ಅನ್ನು ಬಿಡಿಸಿ ಹೇಳಬಾರದು, ಗಂಟಲಲ್ಲೇ ತಡೆದು ನಿಲ್ಲಿಸಬೇಕು. ಙ್ ಎಂದು ಬರೆದಲ್ಲಿ 'ಅಂಗಡಿ' ಎನ್ನುವಾಗ ಗ ಬರುವುದಕ್ಕೆ ಮೊದಲು ಮೂಗಿನಲ್ಲಿ ಬರುವ ಸದ್ದಷ್ಟೇ ಸಾಕು, ಗ ಸೇರಿಸಬೇಡಿ. ಇನ್ನು ಬೋರ್ಡಿನ ಮೇಲೆ ಇಂಗ್ಲಿಷಿನ ಸಿ ಅಕ್ಷರ ಕಂಡರೆ ಅದು ಯಾವಾಗಲೂ ಚ. ನಮ್ಮ ಪರೋಟದಂಥ ಆ ತಿಂಡಿಯನ್ನು ರೋತಿ ಚಾನಾಯ್ ಎನ್ನಬೇಕು. ಕನಾಯ್ ಎಂದರೆ ಯಾರಿಗೂ ತಿಳಿಯುವುದಿಲ್ಲ.

ಮೊದಲು ಕರೆಯುವ ಬಗೆ. ಬಡಿಸುವವನು ಗಂಡಸಾದರೆ ಬಾಙ್ (ಅಣ್ಣ), ಹೆಂಗಸಾದರೆ ಕಾಕ್ (ಅಕ್ಕ), ವಯಸ್ಸಾದ ಗಂಡಸಾದರೆ ಪಾಕ್ ಚಿಕ್, ವಯಸ್ಸಾದ ಹೆಂಗಸಾದರೆ ಮಾಕ್ ಚಿಕ್. ತಮಿಳು ಮುಸ್ಲಿಮರು ನಡೆಸುವ ಮಾಮಕ್ ಹೋಟೆಲುಗಳಲ್ಲಿ ಅಣ್ಣೆ ಎಂದು ಕರೆಯುವುದೂ ಉಂಟು, ಬಾಸ್ ಅಂತೂ ಎಲ್ಲ ಕಡೆ ನಡೆಯುತ್ತದೆ. ಕೂತ ತಕ್ಷಣ ಅವರು ಕೇಳುವುದು ಊಟವನ್ನಲ್ಲ, "ಮೀನುಮ್?" ಅಂತ, ಕುಡಿಯೋಕೆ ಏನು ಎಂದು. ಇಲ್ಲಿ ಬರಿ ತೆಹ್ ಎಂದರೆ ಡಬ್ಬಿಯ ಗಟ್ಟಿ ಸಿಹಿ ಹಾಲು ಹಾಕಿದ ಚಹಾ ಬರುತ್ತದೆ, ನಮ್ಮ ನಾಲಿಗೆಗೆ ವಿಪರೀತ ಸಿಹಿ. ಅದನ್ನು ಕಮ್ಮಿ ಮಾಡಿಸಲು "ತೆಹ್ ತಾರಿಕ್ ಸಾತು, ಕೂರಙ್ ಮಾನಿಸ್" ಎನ್ನಿ: ಎತ್ತಿ ಸುರಿದು ನೊರೆ ಬರಿಸಿದ ಹಾಲಿನ ಚಹಾ ಒಂದು, ಸಿಹಿ ಕಮ್ಮಿ. ತೆಹ್ ಓ ಎಂದರೆ ಹಾಲಿಲ್ಲದ ಚಹಾ, ಆದರೆ ಸಕ್ಕರೆ ಇರುತ್ತದೆ. ಸಕ್ಕರೆಯೂ ಬೇಡವಾದರೆ ತೆಹ್ ಓ ಕೋಸೊಙ್ ಎನ್ನಬೇಕು. ಸಕ್ಕರೆ ಕಾಯಿಲೆಯವರು ಈ ಒಂದು ಮಾತನ್ನು ಬರೆದಿಟ್ಟುಕೊಳ್ಳಿ. ಕುಡಿಯುವ ನೀರು ಆಯೆರ್ ಕೋಸೊಙ್.

ಈಗ ಸಸ್ಯಾಹಾರದ ಮಾತು, ಎಲ್ಲರೂ ಎಡವುವುದು ಇಲ್ಲೇ. ನಿಘಂಟು ನೋಡಿ "ತಕ್ ಮಾಕನ್ ಡಾಗಿಙ್", ಮಾಂಸ ತಿನ್ನಲ್ಲ, ಎಂದುಬಿಡುತ್ತಾರೆ. ಹೋಟೆಲಿನಲ್ಲಿ ಡಾಗಿಙ್ ಎಂದರೆ ಹೆಚ್ಚಾಗಿ ದನದ ಮಾಂಸ ಎಂದೇ ಅರ್ಥ. ಹಾಗಾಗಿ ಅವರು ಒಳ್ಳೆ ಮನಸ್ಸಿನಿಂದಲೇ ಕೋಳಿ ಹಾಕಿ ತರುತ್ತಾರೆ. ಸಾಯುರ್ (ತರಕಾರಿ) ಎಂದು ಕೇಳಿದರೂ ಸಾಲದು, ಏಕೆಂದರೆ ಕಙ್ಕುಙ್ ಸೊಪ್ಪಿನ ಪಲ್ಯಕ್ಕೂ ಬಲಾಚನ್ ಎಂಬ ಸಿಗಡಿಯ ಗಟ್ಟಿ ಮುದ್ದೆ ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ವಾಸನೆಯಿಂದ ಗೊತ್ತಾಗುವಷ್ಟರಲ್ಲಿ ತಟ್ಟೆ ಮುಂದಿರುತ್ತದೆ. ಸಾಂಬಲ್ ಎಂಬ ಕೆಂಪು ಚಟ್ನಿಯಲ್ಲೂ ಸಾಮಾನ್ಯವಾಗಿ ಅದೇ ಬಲಾಚನ್, ಇಲ್ಲವೇ ಈಕನ್ ಬೀಲಿಸ್ ಎಂಬ ಸಣ್ಣ ಒಣಮೀನು.

ಆದ್ದರಿಂದ ಒಂದೊಂದನ್ನೂ ಹೆಸರು ಹಿಡಿದು ಹೇಳಿ: "ಸಾಯ ತಕ್ ಮಾಕನ್ ಡಾಗಿಙ್, ಆಯಮ್, ಈಕನ್, ಊಡಙ್, ತಲೂರ್." ನಾನು ದನದ ಮಾಂಸ, ಕೋಳಿ, ಮೀನು, ಸಿಗಡಿ, ಮೊಟ್ಟೆ ತಿನ್ನಲ್ಲ. ಮೊಟ್ಟೆ ನಡೆಯುವುದಾದರೆ ಕೊನೆಯ ಪದ ಬಿಡಿ. ಆಮೇಲೆ ತೋರಿಸಿದ ಪ್ರತಿಯೊಂದಕ್ಕೂ "ಆಡ ಬಲಾಚನ್ ತಕ್?" ಎಂದು ಕೇಳಿ: ಇದರಲ್ಲಿ ಬಲಾಚನ್ ಇದೆಯಾ? ಉತ್ತರ ಆಡ ಎಂದರೆ ಇದೆ, ತಕ್ ಆಡ ಎಂದರೆ ಇಲ್ಲ. ಹೊಸದಾಗಿ ಮಾಡಿಕೊಡುವ ತಿಂಡಿಯಾದರೆ "ಜಾಙನ್ ಲತಾಕ್ ಊಡಙ್" ಎನ್ನಬಹುದು, ಸಿಗಡಿ ಹಾಕಬೇಡಿ ಎಂದು. ಮೊದಲೇ ಬೇಯಿಸಿ ತಟ್ಟೆಗಳಲ್ಲಿ ಇಟ್ಟದ್ದಕ್ಕೆ ಈ ಮಾತಿನಿಂದ ಉಪಯೋಗವಿಲ್ಲ.

ಮೊದಲ ದಿನಕ್ಕೆ ಸುಲಭವಾದ್ದು ರೋತಿ ಚಾನಾಯ್. ಬೇರೇನೂ ತುಂಬದ್ದು ಬೇಕಾದರೆ ರೋತಿ ಕೋಸೊಙ್. ಇದರ ಜೊತೆ ಬೇಳೆಯ ಸಾರೂ ಬರುತ್ತದೆ, ಎಷ್ಟೋ ಕಡೆ ಕೇಳದೆಯೇ ಮೀನಿನ ಸಾರೂ ಬರುತ್ತದೆ. "ಕುವಾಹ್ ಡಾಲ್ ಸಾಜ, ಕಾರಿ ಈಕನ್ ತಕ್ ನಕ್" ಎನ್ನಿ: ಬೇಳೆ ಸಾರು ಮಾತ್ರ, ಮೀನಿನ ಸಾರು ಬೇಡ. ಡಾಲ್ಚ ಎಂಬ ಇನ್ನೊಂದು ಬೇಳೆ ಸಾರನ್ನು ನಂಬಬೇಡಿ, ಅದನ್ನು ಮಾಂಸ, ಮೂಳೆ ಹಾಕಿ ಕುದಿಸುವುದು ರೂಢಿ. ಕೆಲವರು ರೋತಿಯ ಹಿಟ್ಟಿಗೇ ಮೊಟ್ಟೆ ಸೇರಿಸುತ್ತಾರೆ, ಅನುಮಾನವಿದ್ದರೆ "ಡಾಲಮ್ ರೋತಿ ಆಡ ತಲೂರ್ ತಕ್?" ಎಂದು ಕೇಳಿ. "ಮಾಕನ್ ಸಿನಿ" ಎಂದರೆ ಇಲ್ಲೇ ತಿನ್ನೋದು, "ಬುಙ್ಕುಸ್" ಎಂದರೆ ಪಾರ್ಸೆಲ್. ಎದ್ದು ಹೊರಡುವಾಗ "ಬಾಸ್, ಕೀರ" ಎಂದರೆ ಲೆಕ್ಕ ಮಾಡಿ ಎಂದು. ಊಟದ ಬೆಲೆಗೆ ಎಲ್ಲೂ ಚೌಕಾಸಿ ಇಲ್ಲ, ಪಾಸರ್ ಮಾಲಮ್ ಎಂಬ ರಾತ್ರಿ ಸಂತೆಯ ತಿಂಡಿಗೂ ಇಲ್ಲ.

ಚೌಕಾಸಿ ನಡೆಯುವುದು ಬಟ್ಟೆ, ಚೀಲ, ನೆನಪಿನ ಸಾಮಾನುಗಳಿಗೆ. ಕೌಲಾಲಂಪುರದ ಪೆಟಾಲಿಂಗ್ ಬೀದಿಯಲ್ಲಿ ಧಾರಾಳವಾಗಿ ನಡೆಯುತ್ತದೆ, ಪಾಸರ್ ಸನಿ ಮಾರುಕಟ್ಟೆಯ ಕೆಲವು ಮಳಿಗೆಗಳಲ್ಲೂ ನಡೆಯುತ್ತದೆ. ಹರ್ಗ ತತಾಪ್ ಎಂಬ ಚೀಟಿ ಇದ್ದರೆ ಒಂದೇ ಬೆಲೆ, ಕೇಳಬೇಡಿ.

ಒಂದು ಬಾತಿಕ್ ಬಟ್ಟೆ ಹಿಡಿದುಕೊಂಡಿದ್ದೀರಿ ಅನ್ನಿ. "ಇನಿ ಬರಾಪ?" ಇದೆಷ್ಟು? ಅಂಗಡಿಯಾಕೆ "ಅನಮ್ ಪೂಲುಹ್" ಎನ್ನುತ್ತಾಳೆ, 60 ರಿಂಗಿಟ್. "ಮಾಹಲ್ ಲಾಹ್, ಕಾಕ್. ಬೊಲೆಹ್ ಕೂರಙ್ ಸಿಕಿತ್?" ದುಬಾರಿ ಅಕ್ಕ, ಸ್ವಲ್ಪ ಕಮ್ಮಿ ಆಗುತ್ತಾ? ಆಕೆ 55ಕ್ಕೆ ಇಳಿದರೆ ನೀವು "ಅಂಪತ್ ಪೂಲುಹ್ ಬೊಲೆಹ್?" ಎಂದು 40 ಕೇಳಬಹುದು. "ತಕ್ ಬೊಲೆಹ್" ಎಂದರೆ ಆಗಲ್ಲ. ಅಲ್ಲಿಗೆ ಬಿಡದೆ "ಕಾಲಾವ್ ಅಂಬಿಲ್ ಡುವ, ಬರಾಪ?" ಎನ್ನಿ, ಎರಡು ತಗೊಂಡರೆ ಎಷ್ಟು? ಒಂದಕ್ಕಿಂತ ಎರಡರ ಮೇಲೆ ಬೆಲೆ ಸುಲಭವಾಗಿ ಇಳಿಯುತ್ತದೆ. "ಸರಾತುಸ್" ಎಂದರೆ ಎರಡಕ್ಕೆ 100. ಒಪ್ಪಿಗೆಯಾದರೆ "ಓಕೆ, ಅಂಬಿಲ್." ನೀವೇ ಹೇಳಿದ ಬೆಲೆಗೆ ಆಕೆ ಬೊಲೆಹ್ ಎಂದಮೇಲೆ ಬೇಡ ಎಂದು ಹೊರಟುಬಿಡುವುದು ಸಭ್ಯತೆಯಲ್ಲ, ಕೊಳ್ಳುವ ಮನಸ್ಸಿದ್ದರೆ ಮಾತ್ರ ಬೆಲೆ ಹೇಳಿ. ಬರಿ ನೋಡಲು ಬಂದಿದ್ದರೆ ಮೊದಲೇ "ತೇಙೊಕ್ ಸಾಜ" ಎನ್ನಿ. ಬೆಲೆ ಹೊಂದದಿದ್ದರೆ "ತಕ್ ಆಪ ಲಾಹ್, ತರೀಮ ಕಾಸಿಹ್", ಪರವಾಗಿಲ್ಲ ಬಿಡಿ, ಥ್ಯಾಂಕ್ಸ್, ಎಂದು ನಗುತ್ತಾ ಹೊರಡಿ.

ಇಷ್ಟಕ್ಕೆ ಸಂಖ್ಯೆ ಬೇಕೇ ಬೇಕು. ಸಾತು, ಡುವ, ತೀಗ, ಅಂಪತ್, ಲೀಮ, ಅನಮ್, ತೂಜುಹ್, ಲಾಪನ್, ಸಂಬೀಲನ್, ಸಪೂಲುಹ್, ಇದು ಒಂದರಿಂದ ಹತ್ತು. ಹತ್ತರಾಚೆ ಬಲಾಸ್ ಮತ್ತು ಪೂಲುಹ್ ಬೇರೆ ಬೇರೆ ಎಂಬುದನ್ನು ಮರೆಯಬೇಡಿ: ಲೀಮ ಬಲಾಸ್ 15, ಲೀಮ ಪೂಲುಹ್ 50. ಗದ್ದಲದಲ್ಲಿ ಲೀಮ ಮಾತ್ರ ಕಿವಿಗೆ ಬಿದ್ದು, 15 ಅಂದುಕೊಂಡು ತಲೆಯಾಡಿಸಿದವರು 50 ತೆರಬೇಕಾಗುತ್ತದೆ. ಸ್ಪಷ್ಟವಾಗದಿದ್ದರೆ ಫೋನಿನ ಕ್ಯಾಲ್ಕುಲೇಟರ್ ಮುಂದಿಡಿ, ಅಲ್ಲಿ ಎಲ್ಲರೂ ಹಾಗೆ ಮಾಡುತ್ತಾರೆ. ಪಿನಾಂಗಿನ ಕಡೆ ಹೋದರೆ ಇನ್ನೊಂದು ಪದ ಕೇಳಿಸುತ್ತದೆ, ಕೂಪಙ್. ಒಂದು ಕೂಪಙ್ ಅಂದರೆ 10 ಸೆನ್, ಹಾಗಾಗಿ ಲೀಮ ಕೂಪಙ್ ಎಂದರೆ 50 ಸೆನ್, ಅರ್ಧ ರಿಂಗಿಟ್.