ವಾಲಿಬಾಲ್ ಕಂಬದ ನೆರಳು ನೋಡಿ ಫೋಟೋ ತೆಗೆದ ಹೊತ್ತು ಹೇಳೋದು

ಮಂಗಳೂರಿನ ಒಂದು ಪತ್ರಿಕೆಯಲ್ಲಿ ಫೋಟೋ ಪರಿಶೀಲಿಸೋದು ನನ್ನ ಕೆಲಸ. ಓದುಗರು ಕಳಿಸುವ ಹೆಚ್ಚಿನ ಫೋಟೋಗಳು ವಾಟ್ಸಾಪ್‌ನಲ್ಲೇ ಬರುತ್ತವೆ. ಹಾಗೆ ಬಂದ ಫೋಟೋದಲ್ಲಿ ಕ್ಯಾಮೆರಾ ಬರೆದಿಟ್ಟ ದಿನಾಂಕ, ಸಮಯ ಉಳಿದಿರುವುದಿಲ್ಲ. ಆದರೆ ಬಿಸಿಲಿದ್ದು, ನೆಟ್ಟಗೆ ನಿಂತ ಒಂದು ಕಂಬವೂ ಅದರ ಪೂರ್ತಿ ನೆರಳೂ ಕಾಣುತ್ತಿದ್ದರೆ ಸೂರ್ಯ ಎಷ್ಟು ಎತ್ತರದಲ್ಲಿದ್ದ ಅಂತ ಲೆಕ್ಕ ಹಾಕಬಹುದು. ಜನವರಿ 20ರ ಒಂದು ಫೋಟೋ ಇದಕ್ಕೆ ಒಳ್ಳೆಯ ಉದಾಹರಣೆ.

ಶಾಲೆಯೊಂದರ ಮೈದಾನದಲ್ಲಿ ಸಂಜೆ 4:30ಕ್ಕೆ ಸಾರ್ವಜನಿಕ ಕಾರ್ಯಕ್ರಮ ಇತ್ತು. ಸಾಲು ಸಾಲು ಖಾಲಿ ಕುರ್ಚಿಗಳ ಫೋಟೋ ಬಂತು. ಜೊತೆಗೆ ಒಂದು ಸಾಲು: "ಸಂಜೆ 5 ಗಂಟೆ, ಒಬ್ಬರೂ ಬಂದಿಲ್ಲ." ಫೋಟೋ ತೆಗೆದದ್ದು ಶಾಲೆಯ ಮಹಡಿಯಿಂದ. ಮುಂಭಾಗದಲ್ಲಿ ವಾಲಿಬಾಲ್ ಅಂಕಣ, ಸುಣ್ಣದ ಗೆರೆಗಳು ಸ್ಪಷ್ಟ. ಅಂಕಣದ ಕಡಲ ಕಡೆಯ ಕಂಬದ ನೆರಳು ಒಳಗೆ ಬಿದ್ದಿತ್ತು.

ಲೆಕ್ಕದ ಮೂಲ ಹೈಸ್ಕೂಲಿನದೇ. ಕಂಬ, ನೆರಳು, ಸೂರ್ಯನ ಕಿರಣ ಸೇರಿ ಒಂದು ಲಂಬಕೋನ ತ್ರಿಕೋನ. ಕಂಬದ ಎತ್ತರವನ್ನು ನೆರಳಿನ ಉದ್ದದಿಂದ ಭಾಗಿಸಿದರೆ ಸೂರ್ಯನ ಎತ್ತರದ ಕೋನದ ಟ್ಯಾನ್ ಸಿಗುತ್ತದೆ. ಕಷ್ಟ ಇರೋದು ನೆರಳಿನ ನಿಜವಾದ ಉದ್ದ ಹಿಡಿಯುವುದರಲ್ಲಿ. ತುಂಬಾ ಜನ ಫೋಟೋದ ಮೇಲೇ ಸ್ಕೇಲ್ ಇಟ್ಟು ಕಂಬವನ್ನೂ ನೆರಳನ್ನೂ ಅಳೆದುಬಿಡುತ್ತಾರೆ. ನೆರಳು ಕ್ಯಾಮೆರಾಗೆ ಸರಿಯಾಗಿ ಅಡ್ಡಲಾಗಿ ಬಿದ್ದಿದ್ದರೆ ಅದು ಹೆಚ್ಚುಕಡಿಮೆ ನಡೆಯುತ್ತದೆ. ನೆರಳು ಕ್ಯಾಮೆರಾದ ಕಡೆಗೋ ದೂರಕ್ಕೋ ಚಾಚಿದ್ದರೆ ಫೋಟೋದಲ್ಲಿ ಅದು ಕುಗ್ಗಿ ಕಾಣುತ್ತದೆ. ಆಗ ಸೂರ್ಯ ಇದ್ದದ್ದಕ್ಕಿಂತ ಮೇಲಿದ್ದಾನೆ ಅನ್ನುವ ತಪ್ಪು ಉತ್ತರ ಬರುತ್ತದೆ.

ಹಾಗಾಗಿ ನೆಲದ ಮೇಲೇ ಅಳತೆ ಗೊತ್ತಿರುವ ಏನಾದರೂ ಬೇಕು. ವಾಲಿಬಾಲ್ ಅಂಕಣ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಅಗಲ 9 ಮೀಟರ್. ನಡುಗೆರೆಯಿಂದ ಅಟ್ಯಾಕ್ ಗೆರೆಗೆ 3 ಮೀಟರ್. ಅಂದರೆ ನೆಲದ ಮೇಲೆ 9 ಮೀಟರ್‌ಗೆ 3 ಮೀಟರ್‌ನ ಒಂದು ಚೌಕಟ್ಟು ತಾನಾಗಿಯೇ ಸಿಕ್ಕಿತು. ಶಾಲೆಯವರು ಗೆರೆ ಹಾಕುವಾಗ ಅಳತೆ ಸರಿ ಹಿಡಿದಿದ್ದಾರಾ ಅಂತ ಅನುಮಾನ ಬರೋದು ಸಹಜ. ಮೈದಾನ ಹತ್ತಿರವೇ ಇತ್ತು, ಟೇಪ್ ಹಿಡಿದುಕೊಂಡು ಹೋದೆ. ಗೆರೆಗಳು ಸರಿಯಾಗಿಯೇ ಇದ್ದವು. ಕಂಬದ ಎತ್ತರ ನೆಲದಿಂದ 2.55 ಮೀಟರ್. ನಡುಗೆರೆಯ ನೇರಕ್ಕೆ, ಪಕ್ಕದ ಗೆರೆಯಿಂದ 1 ಮೀಟರ್ ಹೊರಗೆ ನಿಂತಿತ್ತು. ನೆಟ್ ಬಿಗಿದಾಗ ಕಂಬ ಒಳಕ್ಕೆ ವಾಲುವುದು ಸಾಮಾನ್ಯ. 3 ಡಿಗ್ರಿ ವಾಲಿದರೂ ತುದಿ ಸುಮಾರು 13 ಸೆಂಟಿಮೀಟರ್ ಸರಿದಿರುತ್ತದೆ. ಅದಕ್ಕೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ನೋಡಿದೆ, ನೆಟ್ಟಗಿತ್ತು.

ಇನ್ನು ನೆರಳಿನ ತುದಿ ಆ ಚೌಕಟ್ಟಿನಲ್ಲಿ ಎಲ್ಲಿದೆ? ಫೋಟೋದಲ್ಲಿ ಎರಡು ಗೆರೆಗಳ ನಡುವಿನ ಅಂತರವನ್ನು ಸುಮ್ನೆ ಅರ್ಧ ಮಾಡಿದರೆ ತಪ್ಪಾಗುತ್ತದೆ, ಯಾಕೆಂದರೆ ದೂರದ ಅರ್ಧ ಸಣ್ಣದಾಗಿ ಕಾಣುತ್ತದೆ. ಬದಲಿಗೆ ಚೌಕಟ್ಟಿನ ಮೂಲೆಯಿಂದ ಮೂಲೆಗೆ ಎರಡು ಗೆರೆ ಎಳೆಯಬೇಕು. ಅವು ಒಂದನ್ನೊಂದು ದಾಟುವ ಜಾಗವೇ ನಿಜವಾದ ನಡುಬಿಂದು, ಫೋಟೋ ಎಷ್ಟೇ ಓರೆಯಾಗಿದ್ದರೂ ಸರಿ. ನಡುಗೆರೆಯನ್ನೂ ಅಟ್ಯಾಕ್ ಗೆರೆಯನ್ನೂ ಮುಂದಕ್ಕೆ ಎಳೆದರೆ ದೂರದಲ್ಲಿ ಒಂದೆಡೆ ಸೇರುತ್ತವೆ. ಅಲ್ಲಿಂದ ನಡುಬಿಂದುವಿನ ಮೂಲಕ ಎಳೆದದ್ದು 1.5 ಮೀಟರ್‌ನ ಗೆರೆ. ಇನ್ನೊಂದು ಜೊತೆ ಗೆರೆಗಳಿಗೂ ಹೀಗೆಯೇ. ಸಿಕ್ಕ ಸಣ್ಣ ಚೌಕಟ್ಟುಗಳಲ್ಲಿ ಮತ್ತೆ ಮತ್ತೆ ಇದನ್ನೇ ಮಾಡಿದರೆ ನೆಲದ ಮೇಲೆ ಸಣ್ಣ ಮನೆಗಳ ಒಂದು ಜಾಲ ಸಿದ್ಧ. ಸಾಫ್ಟ್‌ವೇರ್‌ನಲ್ಲಿ ಬೇಗ ಆಗುತ್ತದೆ ನಿಜ. ಆದರೆ ನನಗೆ ಪ್ರಿಂಟ್ ಮೇಲೆ ಪೆನ್ಸಿಲ್‌ನಲ್ಲಿ ಮಾಡೋದೇ ಇಷ್ಟ. ಸಂಪಾದಕರಿಗೆ ತೋರಿಸುವಾಗ ಪ್ರತಿ ಹೆಜ್ಜೆಯೂ ಕಾಣುತ್ತದೆ.

ನೆರಳಿನ ತುದಿ ನಡುಗೆರೆಯಿಂದ ಬಡಗಿಗೆ 2.1 ಮೀಟರ್, ಪಕ್ಕದ ಗೆರೆಯಿಂದ ಒಳಗೆ 1.7 ಮೀಟರ್ ಬಂತು. ಕಂಬದ ಬುಡ ಇನ್ನೂ 1 ಮೀಟರ್ ಹೊರಗಿದೆ ಅಲ್ವಾ, ಹಾಗಾಗಿ ಪೂರ್ವಕ್ಕೆ ಒಟ್ಟು 2.7 ಮೀಟರ್. ಮುಂದಿನದು ಸಲೀಸು:

```
s = √(2.7² + 2.1²) = 3.42
tan(h) = 2.55 / 3.42 = 0.746
h = 36.7°
```

ಈಗ ಈ ಕೋನವನ್ನು ಗಡಿಯಾರಕ್ಕೆ ಇಳಿಸಬೇಕು. ನಮ್ಮ ಭಾರತೀಯ ಸಮಯ 82.5 ಡಿಗ್ರಿ ಪೂರ್ವ ರೇಖಾಂಶದ್ದು. ಮಂಗಳೂರು ಇರೋದು ಸುಮಾರು 74.85ರಲ್ಲಿ. ಒಂದು ಡಿಗ್ರಿಗೆ 4 ನಿಮಿಷದಂತೆ ನಮ್ಮ ಸೂರ್ಯ ಅರ್ಧ ಗಂಟೆ ತಡ. ಭೂಮಿಯ ಕಕ್ಷೆ ಪೂರ್ತಿ ದುಂಡಗಿಲ್ಲದ್ದರಿಂದ, ಅದರ ಅಕ್ಷ ವಾಲಿರುವುದರಿಂದ ಜನವರಿ 20ರ ಹೊತ್ತಿಗೆ ಇನ್ನೂ 11 ನಿಮಿಷ ಸೇರುತ್ತದೆ. ಹೀಗಾಗಿ ಆ ದಿನ ಸೂರ್ಯ ನೆತ್ತಿಯ ಹತ್ತಿರ ಬರೋದು ಸುಮಾರು 12:42ಕ್ಕೆ. ಇದನ್ನು ಬಿಟ್ಟು 12 ಗಂಟೆಯಿಂದ ಎಣಿಸಿದರೆ ಇಡೀ ಉತ್ತರ ಮುಕ್ಕಾಲು ಗಂಟೆಯಷ್ಟು ತಪ್ಪುತ್ತದೆ. ಅಮೆರಿಕದ ನೋವಾ ಸಂಸ್ಥೆಯ ಸೋಲಾರ್ ಕ್ಯಾಲ್ಕುಲೇಟರ್‌ಗೆ ಊರು, ದಿನಾಂಕ ಕೊಟ್ಟರೆ ಇದೆಲ್ಲವನ್ನೂ ಅದೇ ನೋಡಿಕೊಳ್ಳುತ್ತದೆ.

ಆ ದಿನ ಮಂಗಳೂರಿನಲ್ಲಿ 3:30ಕ್ಕೆ ಸೂರ್ಯನ ಎತ್ತರ ಸುಮಾರು 37 ಡಿಗ್ರಿ, 4ಕ್ಕೆ 31, 5ಕ್ಕೆ 18. ಐದು ಗಂಟೆಯಾಗಿದ್ದರೆ ನೆರಳು ಕಂಬದ ಮೂರರಷ್ಟು, ಅಂದರೆ ಏಳೂವರೆ ಮೀಟರ್ ದಾಟಿರಬೇಕಿತ್ತು. ಫೋಟೋದಲ್ಲಿ ಅದರ ಅರ್ಧದಷ್ಟೂ ಇರಲಿಲ್ಲ.

ತಪ್ಪಿಗೆ ಎಷ್ಟು ಜಾಗ ಇದೆ ಅನ್ನೋದನ್ನು ನಾನು ಯಾವತ್ತೂ ಜೊತೆಗೇ ಬರೆಯುತ್ತೇನೆ. ಸೂರ್ಯ ಒಂದು ಚುಕ್ಕಿಯಲ್ಲ, ಅರ್ಧ ಡಿಗ್ರಿ ಅಗಲದ ಬಿಂಬ. ಅದರಿಂದ ಈ ನೆರಳಿನ ತುದಿ ಆರೇಳು ಸೆಂಟಿಮೀಟರ್ ಮಸುಕಾಗಿಯೇ ಇರುತ್ತದೆ. ಪೆನ್ಸಿಲ್ ಗೆರೆಯ ತಪ್ಪೂ ಸೇರಿ 20 ಸೆಂಟಿಮೀಟರ್ ಆಚೀಚೆ ಅಂತ ಇಟ್ಟುಕೊಂಡೆ. ಕೋನದಲ್ಲಿ ಒಂದೂವರೆ ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಹೊತ್ತಿನಲ್ಲಿ ಎಂಟೊಂಬತ್ತು ನಿಮಿಷ ವ್ಯತ್ಯಾಸ. ಮೂರೂವರೆಯನ್ನು ಐದು ಗಂಟೆ ಮಾಡಲು ಅದು ಎಲ್ಲಿಗೂ ಸಾಲದು.

"ಇದು ಬೆಳಿಗ್ಗೆಯ ಫೋಟೋ ಯಾಕಾಗಬಾರದು?" ಅಂತ ಸಂಪಾದಕರು ಕೇಳಿದರು. ಕೇಳಲೇಬೇಕಾದ ಪ್ರಶ್ನೆ. ಬೆಳಿಗ್ಗೆ ಹತ್ತರ ಸುಮಾರಿಗೂ ಸೂರ್ಯ ಇಷ್ಟೇ ಎತ್ತರದಲ್ಲಿರುತ್ತಾನೆ. ಆದರೆ ಆಗ ನೆರಳು ಕಡಲ ಕಡೆಗೆ ಬೀಳುತ್ತದೆ. ಇಲ್ಲಿ ಘಟ್ಟದ ಕಡೆಗಿತ್ತು. ಅಂಕಣ ಉದ್ದಕ್ಕೆ ತೆಂಕು ಬಡಗಾಗಿ ಇದೆ ಅಂತ ಉಪಗ್ರಹ ನಕ್ಷೆಯಲ್ಲಿ ನೋಡಿದ್ದೆ. 2.7ಕ್ಕೆ 2.1 ಅಂದರೆ ನೆರಳು ಉತ್ತರದಿಂದ 52 ಡಿಗ್ರಿ ಪೂರ್ವಕ್ಕೆ ತಿರುಗಿದೆ. ಮೂರೂವರೆಗೆ ಕ್ಯಾಲ್ಕುಲೇಟರ್ ಕೊಡುವ ದಿಕ್ಕೂ ಇದೇ. ಐದಕ್ಕಾದರೆ 63 ಆಗಬೇಕಿತ್ತು. ಕಂಬದ ಎತ್ತರ ಬೇಕಿಲ್ಲದ ಈ ಎರಡನೇ ಲೆಕ್ಕವೂ ಅದೇ ಹೊತ್ತು ಹೇಳಿದ ಮೇಲೆ ನನಗೆ ಪೂರ್ತಿ ಧೈರ್ಯ ಬಂತು.

ನೆರಳಿಂದ ದಿನಾಂಕ ಮಾತ್ರ ಸಾಬೀತಾಗುವುದಿಲ್ಲ. ನವೆಂಬರ್ 22ರ ಸುಮಾರಿಗೆ ಮೂರು ಗಂಟೆ ದಾಟಿದ ಮೇಲೆ ಇದೇ ನೆರಳು ಇದೇ ಜಾಗಕ್ಕೆ ಬೀಳುತ್ತದೆ. ಇಲ್ಲಿ ವೇದಿಕೆಯ ಬ್ಯಾನರ್ ಕಾಣುತ್ತಿದ್ದುದರಿಂದ ದಿನದ ಬಗ್ಗೆ ತಕರಾರಿರಲಿಲ್ಲ. ನಡುಹಗಲಿನ ಫೋಟೋಗಳಿಗೂ ಎತ್ತರದ ಲೆಕ್ಕ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಜನವರಿಯಲ್ಲಿ 12:42ರ ಹಿಂದೆ ಮುಂದೆ ಅರ್ಧ ಗಂಟೆ ಸೂರ್ಯನ ಎತ್ತರ ಒಂದು ಡಿಗ್ರಿಯೂ ಬದಲಾಗದು. ಆಗ ದಿಕ್ಕನ್ನೇ ನಂಬಬೇಕು.

ಫೋಟೋ ಕಾರ್ಯಕ್ರಮ ಶುರುವಾಗುವುದಕ್ಕಿಂತ ಸುಮಾರು ಒಂದು ಗಂಟೆ ಮೊದಲಿನದು ಅಂತ ಟಿಪ್ಪಣಿ ಬರೆದು, ಗೆರೆ ಎಳೆದ ಪ್ರಿಂಟ್ ಸೇರಿಸಿ ಕೊಟ್ಟೆ. ಫೋಟೋ ಅಚ್ಚಾಗಲಿಲ್ಲ. ನಮ್ಮ ಹವ್ಯಾಸಿ ಛಾಯಾಗ್ರಾಹಕರಿಗೆ ಈಗ ಒಂದು ಮಾತು ಹೇಳಿದ್ದೇನೆ: ಮೈದಾನದ ಫೋಟೋದಲ್ಲಿ ಯಾವುದಾದರೂ ಕಂಬದ ಬುಡವೂ ನೆರಳಿನ ತುದಿಯೂ ಕತ್ತರಿಸದಂತೆ ಒಂದು ಫ್ರೇಮ್ ತೆಗೆದಿಡಿ.