ಎರಡನೇ ಪತ್ರದಲ್ಲಿ ನಾನು ಬರೆದದ್ದು

ಮಡಿಕೇರಿಯಿಂದ ಸಂಪಾಜೆಯ ಕಡೆಗೆ ಇಳಿಯುವ ಹೆದ್ದಾರಿಯ ಪಕ್ಕದ ಶಾಲೆಯೊಂದರಲ್ಲಿ ನಾನು ಮುಖ್ಯೋಪಾಧ್ಯಾಯಿನಿ. ಮಕ್ಕಳಿಗಾಗಿ ರಸ್ತೆ ಸುರಕ್ಷತೆಯ ಆ್ಯನಿಮೇಷನ್ ವಿಡಿಯೋ ಮಾಡಿಸಬೇಕೆಂದು ಮೊದಲ ಸಲ ಪತ್ರ ಬರೆದಾಗ ಅದರಲ್ಲಿದ್ದದ್ದು ಒಂದೇ ಸಾಲು: ‘ವಿದ್ಯಾರ್ಥಿಗಳಲ್ಲಿ ಅರಿವು ಮೂಡಿಸುವ, ಐದಾರು ನಿಮಿಷಗಳ ವಿಡಿಯೋ ಬೇಕು.’ ಬಂದ ಕರಡಿನಲ್ಲಿ ಹೆಲ್ಮೆಟ್, ಸೀಟ್ ಬೆಲ್ಟ್, ಸಿಗ್ನಲ್ ದೀಪ, ಜೀಬ್ರಾ ಪಟ್ಟಿ ಎಲ್ಲವೂ ಇದ್ದವು. ನಮ್ಮ ಊರಿನಲ್ಲಿ ಸಿಗ್ನಲ್ ದೀಪವಿಲ್ಲ. ಇದಕ್ಕಿಂತ ದೊಡ್ಡ ತೊಂದರೆ ಎರಡನೇ ಸಲ ನೋಡಿದಾಗ ಕಂಡಿತು. ಚಿತ್ರದ ವಾಹನಗಳೆಲ್ಲ ರಸ್ತೆಯ ಬಲಭಾಗದಲ್ಲಿ ಹೋಗುತ್ತಿದ್ದವು, ಹುಡುಗ ಮೊದಲು ಎಡಕ್ಕೆ ನೋಡಿ ದಾಟುತ್ತಿದ್ದ. ವಿದೇಶದ ಸಿದ್ಧ ಚಿತ್ರಗಳನ್ನು ತಂದು ಜೋಡಿಸಿದ್ದರು. ನಮ್ಮಲ್ಲಿ ವಾಹನ ಎಡಬದಿಯಲ್ಲಿ ಸಾಗುವುದರಿಂದ, ರಸ್ತೆಗೆ ಕಾಲಿಟ್ಟ ಮಗುವಿಗೆ ಮೊದಲು ಎದುರಾಗುವ ವಾಹನ ಬಲದಿಂದಲೇ ಬರುತ್ತದೆ. ಆ ವಿಡಿಯೋ ತೋರಿಸಿದ್ದರೆ ಮಕ್ಕಳು ತಪ್ಪನ್ನೇ ಕಲಿಯುತ್ತಿದ್ದರು.

ತಪ್ಪು ನನ್ನ ಪತ್ರದ್ದು. ಚಿತ್ರ ಮಾಡುವ ಹುಡುಗ ಫೋನಿನಲ್ಲಿ ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ: “ಇದನ್ನು ನೋಡಿದ ಮಗು ನಾಳೆ ಬಸ್ಸಿನಿಂದ ಇಳಿದಾಗ ಏನು ಮಾಡಬೇಕು, ಮೇಡಂ?”

ಉತ್ತರಕ್ಕಾಗಿ ಒಂದು ವಾರ ಸಂಜೆ, ಮನೆಗೆ ಹೋಗುವ ಮಕ್ಕಳು ಇಳಿಯುವ ಬಸ್ ನಿಲ್ದಾಣದ ಬಳಿ ನಿಂತೆ. ಮಳೆಗಾಲ, ನಾಲ್ಕು ಗಂಟೆಗೇ ಮಂಜು. ಬಸ್ ನಿಂತ ಕೂಡಲೇ ಚಿಕ್ಕ ಮಕ್ಕಳು ಇಳಿದು, ಅದರ ಮೂತಿಯ ಮುಂದಿನಿಂದಲೇ ಆಚೆ ಬದಿಗೆ ಓಡುತ್ತಿದ್ದರು. ಬಸ್ಸನ್ನು ಹಿಂದಿಕ್ಕಿ ಬರುವ ಜೀಪಿನವನಿಗೆ ಮಗು ಕಾಣುವುದಿಲ್ಲ, ಮಗುವಿಗೆ ಜೀಪ್ ಕಾಣುವುದಿಲ್ಲ. ಗಂಟೆಗೆ 40 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಮುಂದೆ ಬಂದಿರುತ್ತದೆ. ಚಾಲಕನ ಕಾಲು ಬ್ರೇಕಿಗೆ ಹೋಗುವ ಹೊತ್ತಿಗೇ ಅಷ್ಟು ದೂರ ಮುಗಿದಿರುತ್ತದೆ. ಇದರ ಜೊತೆಗೆ ಮುಖಕ್ಕೆ ಅಡ್ಡವಾಗಿ ಹಿಡಿದ ಕೊಡೆ.

ಎರಡನೇ ಪತ್ರದಲ್ಲಿ ಗುರಿಯನ್ನು ಹೀಗೆ ಬರೆದೆ: ‘ಬಸ್ಸಿನಿಂದ ಇಳಿದ ಮಗು ಮಣ್ಣಿನ ಬದಿಗೆ ಸರಿದು ನಿಲ್ಲಬೇಕು. ಬಸ್ ಹೊರಟು, ರಸ್ತೆ ಎರಡೂ ಕಡೆ ಕಾಣುವವರೆಗೆ ಕಾಯಬೇಕು. ಕೊಡೆಯನ್ನು ಹಿಂದಕ್ಕೆ ವಾಲಿಸಿ, ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಬೇಕು. ಮಂಜಿದ್ದರೆ ಕಿವಿಗೊಟ್ಟು ಕೇಳಬೇಕು. ನಂತರ ಓಡದೆ ದಾಟಬೇಕು. ಬೇರೆ ಯಾವ ವಿಷಯವೂ ವಿಡಿಯೋದಲ್ಲಿ ಬೇಡ.’ ಹೆಲ್ಮೆಟ್ ಕೈಬಿಡಲು ಮನಸ್ಸು ಒಪ್ಪಲಿಲ್ಲ, ಆದರೂ ಬಿಟ್ಟೆ. ಅದನ್ನು ಹೇಳಬೇಕಾದದ್ದು ಬೈಕ್ ಓಡಿಸುವ ಅಪ್ಪಂದಿರಿಗೆ.

ನೋಡುವವರು ಒಂದರಿಂದ ನಾಲ್ಕನೇ ತರಗತಿಯ ಮಕ್ಕಳು ಎಂದಷ್ಟೇ ಬರೆದರೆ ಸಾಲದು. ಈ ವಯಸ್ಸಿನವರಿಗೆ ದೂರದ ವಾಹನದ ವೇಗವನ್ನು ಅಳೆಯಲು ಬರುವುದಿಲ್ಲ. ಆದ್ದರಿಂದ ‘ವಾಹನ ದೂರದಲ್ಲಿದ್ದರೆ ದಾಟಿ’ ಎಂಬ ಮಾತು ಬರಬಾರದು, ವಾಹನ ಕಂಡರೂ ಕೇಳಿಸಿದರೂ ನಿಲ್ಲಬೇಕು ಎಂದು ಸೇರಿಸಿದೆ. ಮನೆಯಲ್ಲಿ ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳ ಮಾತನಾಡುವವರು ನಮ್ಮಲ್ಲಿದ್ದಾರೆ. ತೋಟದ ಲೈನ್ ಮನೆಗಳಿಂದ ಬರುವ ಕೆಲವರಿಗೆ ಕನ್ನಡ ಈಗಷ್ಟೇ ಬರುತ್ತಿದೆ. ಮೇಲಾಗಿ ನಮ್ಮ ಸಭಾಂಗಣಕ್ಕೆ ತಗಡಿನ ಮಾಡು. ಜುಲೈ ಮಳೆ ಹೊಡೆಯುವಾಗ ಧ್ವನಿವರ್ಧಕವೂ ಕೇಳಿಸುವುದಿಲ್ಲ. ಹಾಗಾಗಿ ‘ಧ್ವನಿ ನಿಲ್ಲಿಸಿ ನೋಡಿದರೂ ಕಥೆ ಅರ್ಥವಾಗಬೇಕು’ ಎಂಬ ಷರತ್ತು ಹಾಕಿದೆ.

ಅವಧಿ 90 ಸೆಕೆಂಡು. ಪ್ರಾರ್ಥನೆಯ ನಂತರ ಎರಡು ಸಲ ತೋರಿಸಿ ತರಗತಿಗೆ ಕಳುಹಿಸಲು ಅಷ್ಟು ಸಾಕು. ಸಂಭಾಷಣೆಯನ್ನು ನಾನೇ ಗಡಿಯಾರ ಹಿಡಿದು, ಮಕ್ಕಳಿಗೆ ಹೇಳುವ ವೇಗದಲ್ಲಿ ಓದಿ ನೋಡಿದೆ. ನೂರಿಪ್ಪತ್ತು ಪದಗಳಿಗೇ ಸಮಯ ಮುಗಿಯಿತು. ಚಿತ್ರಕ್ಕೆ ಉಸಿರಾಡಲು ಜಾಗ ಬೇಕೆಂದು ಅದನ್ನು ಎಂಬತ್ತಕ್ಕೆ ಇಳಿಸಿದೆವು.

ಪತ್ರದ ಕೊನೆಯಲ್ಲಿ, ಬಣ್ಣ ಮತ್ತು ಚಲನೆಯ ಕೆಲಸಕ್ಕೆ ಮೊದಲು ಪೆನ್ಸಿಲ್ ಚಿತ್ರಗಳ ಸ್ಟೋರಿಬೋರ್ಡನ್ನು ಕಳುಹಿಸಬೇಕೆಂದು ಕೇಳಿದ್ದೆ. ಅದರಲ್ಲಿ ಬಸ್ಸಿನ ಬಾಗಿಲನ್ನು ಬಲಬದಿಗೆ ಬರೆದಿದ್ದರು. ಆ ಹಂತದಲ್ಲಿ ತಿದ್ದಲು ಒಂದು ಸಂಜೆ ಸಾಕಾಯಿತು. ಚಲನೆ ಕೊಟ್ಟ ಮೇಲೆ ಆಗಿದ್ದರೆ ಇಡೀ ದೃಶ್ಯವನ್ನು ಹೊಸದಾಗಿ ಮಾಡಬೇಕಾಗುತ್ತಿತ್ತು.

ವಿಡಿಯೋ ತೋರಿಸಿ ಒಂದು ವಾರವಾದ ಮೇಲೆ, ಮಕ್ಕಳಿಗೆ ಹೇಳದೆ ಮತ್ತೆ ಅದೇ ನಿಲ್ದಾಣದ ಬಳಿ ನಿಂತೆ. ಬಹುತೇಕ ಮಕ್ಕಳು ಮಣ್ಣಿನ ಬದಿಯಲ್ಲೇ ನಿಂತರು. ಎರಡನೇ ತರಗತಿಯ ಒಬ್ಬ ಹುಡುಗ ಮಾತ್ರ ಬಸ್ಸಿನ ಮುಂದಿನಿಂದ ಓಡಿದ. ಆಚೆ ಬದಿಯಲ್ಲಿ ಅವನ ಅಜ್ಜಿ ನಿಂತು, “ಬಾ, ಬೇಗ ಬಾ” ಎಂದು ಕರೆಯುತ್ತಿದ್ದರು. ಮೂರನೇ ಪತ್ರವನ್ನು ಆ ರಾತ್ರಿಯೇ ಮನೆಯವರಿಗೆ ಬರೆದೆ: ಮಗುವನ್ನು ಕರೆದೊಯ್ಯಲು ಬರುವವರು ಬಸ್ ನಿಲ್ಲುವ ಬದಿಯಲ್ಲೇ ಕಾಯಬೇಕು, ರಸ್ತೆಯ ಆಚೆಯಿಂದ ಕರೆಯಬಾರದು.