ಮೀನಿನ ವಾಸನೆ ಅಂತ ಬಂದ ಟಿಕೆಟ್

ಟಿಕೆಟ್‌ನಲ್ಲಿ ಬರೆದಿದ್ದು ಇಷ್ಟೇ: "204, ಅಡುಗೆಮನೆಯಲ್ಲಿ ಮೀನಿನ ವಾಸನೆ. ಕೆಳಗಿನ ಮನೆಯವರಿಗೆ ಹೇಳಿ." ಓದಿ ನಕ್ಕೆ. ಹೆಲ್ಪರ್ ಹುಡುಗನಿಗೆ ತೋರಿಸಿದೆ, ಅವನೂ ನಕ್ಕ. ಎಲೆಕ್ಟ್ರಿಕಲ್‌ಗೆ ಯಾಕೆ ಹಾಕಿದ್ದಾರೆ ಅಂತ ಇಬ್ಬರೂ ಆಡಿಕೊಂಡೆವು. ಆ ನಗು ಈಗಲೂ ನೆನಪಾದರೆ ಕಿವಿ ಬಿಸಿಯಾಗುತ್ತದೆ.

ಮಲ್ಲೇಶ್ವರದ ಒಂದು ಹಳೇ ಅಪಾರ್ಟ್‌ಮೆಂಟ್. ತೊಂಬತ್ತರ ದಶಕದ ಮೊದಲಲ್ಲಿ ಕಟ್ಟಿದ್ದು, 24 ಮನೆ. ಏಜೆನ್ಸಿ ಕಡೆಯಿಂದ ನಾನು ಅಲ್ಲಿ ಎಲೆಕ್ಟ್ರಿಕಲ್ ಸೂಪರ್‌ವೈಸರ್. ಹೆಸರು ದೊಡ್ಡದು ಅಷ್ಟೇ. ಪಂಪು, ಡಿಜಿ, ಕಾರಿಡಾರ್ ಟ್ಯೂಬ್‌ಲೈಟು, ಬೈಗುಳ, ಎಲ್ಲ ನನ್ನ ಪಾಲಿಗೇ.

204ರಲ್ಲಿ ಅಜ್ಜಿ, ಮಗ, ಸೊಸೆ. ಈರುಳ್ಳಿ ಕೂಡ ವಾರದಲ್ಲಿ ಕೆಲವು ದಿನ ತಿನ್ನದ ಮನೆ. ಕೆಳಗೆ 104ರಲ್ಲಿ ಬಾಡಿಗೆಗಿದ್ದ ಬ್ಯಾಚುಲರ್ ಹುಡುಗರು. ಅಜ್ಜಿಗೆ ಅನುಮಾನವೇ ಇರಲಿಲ್ಲ, ಅವರೇ ಮೀನು ಹುರಿಯುತ್ತಾರೆ. ಕಮಿಟಿಗೂ ದೂರು ಹೋಗಿ, ಹುಡುಗರಿಗೆ ಒಂದು ನೋಟಿಸು ಕೂಡ ಅಂಟಿಸಿದ್ದರು. ಪಾಪ, ಗದಗದ ಕಡೆಯ ಹುಡುಗರು. ಮೊಟ್ಟೆ ಕೂಡ ಮುಟ್ಟುವುದಿಲ್ಲ ಅಂತ ಆಮೇಲೆ ಗೊತ್ತಾಯಿತು.

ಟಿಕೆಟ್ ನಾಲ್ಕು ಗಂಟೆಯೊಳಗೆ ಕ್ಲೋಸ್ ಆಗದಿದ್ದರೆ ಏಜೆನ್ಸಿಯಿಂದ ಫೋನ್ ಬರುತ್ತದೆ. ಅದಕ್ಕೆ ಹೋದೆ. ಸಂಜೆ ಏಳೂವರೆ. ಒಲೆಯ ಪಕ್ಕ ಇಂಡಕ್ಷನ್ ಮೇಲೆ ಸಾರು ಕುದಿಯುತ್ತಿತ್ತು, ಮೈಕ್ರೋವೇವ್‌ನಲ್ಲಿ ಏನೋ ತಿರುಗುತ್ತಿತ್ತು. ಅಜ್ಜಿ ಫ್ರಿಜ್ ಹತ್ತಿರ ನಿಂತು, "ಇಲ್ಲಿ ನೋಡಪ್ಪ, ಇಲ್ಲೇ ಜಾಸ್ತಿ ಬರತ್ತೆ" ಅಂದರು. ನಿಜ ಹೇಳಬೇಕೆಂದರೆ ನನಗೂ ಬಂತು. ಸ್ವಲ್ಪ ಹಳಸಿದ ಮೀನಿನ ಹಾಗೆ. ನಾನು ಕಿಟಕಿ ಕಡೆ ನೋಡಿದೆ! ಕೆಳಗಿಂದ ಬರುತ್ತಿದೆ ಅಂದುಕೊಂಡೆ.

ಬಂದಿದ್ದಕ್ಕೆ ಏನಾದರೂ ಮಾಡಬೇಕಲ್ಲ, ಮನೆಯ ಎಂಸಿಬಿಗಳೆಲ್ಲ ಇರುವ ಡಬ್ಬಿ, ಅಂದರೆ ಡಿಬಿ, ತೆರೆದೆ. ಅಡುಗೆಮನೆ ಪವರ್ ಲೈನಿಗೆ ಕರೆಂಟು ಅಳೆಯುವ ಟಾಂಗ್ ಟೆಸ್ಟರ್ ಹಾಕಿದರೆ 13 ಆಂಪ್ಸ್. ಕರೆಂಟು ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್ಚು, ಎಂಸಿಬಿ, 16ರದು. ಸ್ಕ್ರೂ ಒಂದೊಂದು ಸುತ್ತು ಟೈಟ್ ಮಾಡಿದೆ. "ಲೋಡ್ ನಾರ್ಮಲ್ ಇದೆ ಅಜ್ಜಿ. ಏನಾದರೂ ಹೆಚ್ಚುಕಡಿಮೆ ಆದ್ರೆ ಎಂಸಿಬಿ ಟ್ರಿಪ್ ಆಗತ್ತೆ, ಹೆದರಬೇಡಿ." ಟಿಕೆಟ್‌ನಲ್ಲಿ ಬರೆದೆ: ಲೋಡ್ 13, ಎಂಸಿಬಿ 16, ತೊಂದರೆ ಇಲ್ಲ. ಕ್ಲೋಸ್.

ಫ್ರಿಜ್ ಹಿಂದೆ ಬಗ್ಗಿ ನೋಡಲಿಲ್ಲ. ಬಗ್ಗಿದ್ದರೆ ಎರಡು ನಿಮಿಷದ ಕೆಲಸ.

ಎರಡು ದಿನ ಬಿಟ್ಟು, ಬೆಳಗ್ಗೆ ಏಳು ಗಂಟೆ ಹತ್ತು ನಿಮಿಷ. ನಾನು ಸಂಪ್ ಹತ್ತಿರ ಇದ್ದೆ. ಸೆಕ್ಯೂರಿಟಿಯವರು ವಾಕಿಯಲ್ಲಿ ಕೂಗಿದರು, 204ರ ಕಿಟಕಿಯಿಂದ ಹೊಗೆ. ಮೊದಲು ಕರೆಂಟ್ ತೆಗೆಯಬೇಕು ಅಂತ ಮೀಟರ್ ರೂಮಿಗೆ ಓಡಿದೆ. ಅಲ್ಲಿ ಇನ್ನೊಂದು ಕರ್ಮ. ಹೋದ ವರ್ಷ ಪೇಂಟ್ ಹೊಡೆಯುವಾಗ ನಂಬರ್‌ಗಳೆಲ್ಲ ಮುಚ್ಚಿಹೋಗಿ, ಯಾರೋ ಚಾಕ್‌ಪೀಸಿನಲ್ಲಿ ಬರೆದಿದ್ದರು. 203ರದೋ 204ರದೋ ಗೊತ್ತಾಗಲಿಲ್ಲ. ಒಂದನ್ನು ಇಳಿಸಿದೆ. ಮೇಲಿನಿಂದ ಬೇರೆ ಯಾರೋ "ಕರೆಂಟ್ ಹೋಯ್ತು" ಅಂತ ಕೂಗಿದರು. ಇದಲ್ಲ. ಕೈ ನಡುಗುತ್ತಿತ್ತು. ಕೊನೆಗೆ ಬಿಲ್ಡಿಂಗ್ ಮೇನ್ ಐಸೊಲೇಟರನ್ನೇ ಎಳೆದೆ. ಒಂದು ನಿಮಿಷವಾದರೂ ಅಲ್ಲೇ ಹೋಗಿರಬೇಕು.

ಮೇಲೆ ಹೋದರೆ ಮಗ ಬಕೆಟ್‌ನಲ್ಲಿ ನೀರು ಹಿಡಿದು ನಿಂತಿದ್ದಾರೆ, ಇನ್ನೇನು ಎರಚಬೇಕು. "ಸಾರ್, ನೀರು ಬೇಡ!" ಅಂತ ಕಿರುಚಿದೆ. ಮೇನ್ ನಾನೇ ಎಳೆದು ಬಂದಿದ್ದೆ, ಆದರೂ ಮನೆಯ ಇನ್ವರ್ಟರ್ ಲೈನು ಎಲ್ಲೆಲ್ಲಿ ಹೋಗಿದೆ ಅಂತ ನನಗೆ ಗೊತ್ತಿರಲಿಲ್ಲ. ಅಜ್ಜಿ, ಸೊಸೆ ಹೊರಗೆ ಮೆಟ್ಟಿಲ ಮೇಲೆ. ಫ್ರಿಜ್ ಹಿಂದಿನಿಂದ ಕಪ್ಪು ಹೊಗೆ, ಕೆಳಗೆ ಮಂಡಿಯೆತ್ತರ ಬೆಂಕಿ. ಕಿಟಕಿ ಪರದೆಯ ಅಂಚು ಹತ್ತಿಕೊಂಡಿತ್ತು. ಕಾರಿಡಾರಿನ ಪೌಡರ್ ಸಿಲಿಂಡರ್ ತಂದು, ಪಿನ್ ಎಳೆದು, ಬೆಂಕಿಯ ಬುಡಕ್ಕೆ ಹೊಡೆದೆ. ಅಡುಗೆಮನೆಯೆಲ್ಲ ಬೆಳ್ಳಗಾಯಿತು, ಉಸಿರು ಕಟ್ಟಿತು. ಎರಡನೇ ಸಲ ಹೊಡೆದ ಮೇಲೆ ಆರಿತು. ಅಷ್ಟರಲ್ಲಿ ಮಗ 101ಕ್ಕೆ ಫೋನ್ ಮಾಡಿದ್ದರು. ಗಾಡಿ ಬಂದಾಗ ಹೊಗೆ ಮಾತ್ರ ಉಳಿದಿತ್ತು.

ಆಮೇಲೆ ಡಿಬಿ ನೋಡಿದೆ. ಆ ಎಂಸಿಬಿ ಟ್ರಿಪ್ ಆಗಿ ಕೆಳಗೆ ಬಿದ್ದಿತ್ತು. ನಾನು ಹೇಳಿದ್ದು ಸುಳ್ಳಲ್ಲ, ಟ್ರಿಪ್ ಆಗಿತ್ತು. ಎಲ್ಲ ಹತ್ತಿ ಉರಿದ ಮೇಲೆ.

ಫ್ರಿಜ್ ಸರಿಸಿದಾಗ ಕಥೆ ಬಯಲಾಯಿತು. ಆ ಕಾಲದ ಅಡುಗೆಮನೆಗೆ ಕೊಟ್ಟಿದ್ದು ಒಂದು 5 ಆಂಪ್ಸ್ ಪಾಯಿಂಟು, ಒಂದು 15 ಆಂಪ್ಸ್ ಪಾಯಿಂಟು. ಆಗ ಮಿಕ್ಸಿ, ಫ್ರಿಜ್ ಬಿಟ್ಟರೆ ಏನಿತ್ತು? ಈಗ 15ರ ಪಾಯಿಂಟಿಗೆ ಕನ್ವರ್ಟರ್ ಪ್ಲಗ್, ಅದಕ್ಕೆ ಎಕ್ಸ್‌ಟೆನ್ಶನ್ ಬೋರ್ಡ್, ಬೋರ್ಡಿಗೆ ಫ್ರಿಜ್, ಮೈಕ್ರೋವೇವ್, ಇಂಡಕ್ಷನ್. ಬೋರ್ಡಿನ ಸ್ವಿಚ್ ಮೇಲೆ 6 ಆಂಪ್ಸ್ ಅಂತ ಸಣ್ಣಗೆ ಬರೆದಿತ್ತು. ಆದರೆ ಸಾಕೆಟ್ ಯೂನಿವರ್ಸಲ್. ಅಂದರೆ ದಪ್ಪ ಪಿನ್ನಿನ 16 ಆಂಪ್ಸ್ ಪ್ಲಗ್ಗೂ ಅದರಲ್ಲಿ ಕೂರುತ್ತದೆ. ಕೂತಿತು ಅಂದ ಮೇಲೆ ತಡೆಯುತ್ತದೆ ಅಂತಲೇ ಜನ ಅಂದುಕೊಳ್ಳುತ್ತಾರೆ. ಅವರ ತಪ್ಪೂ ಅಲ್ಲ ಬಿಡಿ.

ಲೆಕ್ಕ ಹಾಕಿ. ಇಂಡಕ್ಷನ್ 1800 ವ್ಯಾಟ್, ಸುಮಾರು 8 ಆಂಪ್ಸ್. ಮೈಕ್ರೋವೇವ್ 1200 ವ್ಯಾಟ್, ಸುಮಾರು 5. ಫ್ರಿಜ್ ಓಡಿದರೆ ಇನ್ನೊಂದು. ಒಟ್ಟು 14. ನಾನು ಅಳೆದಾಗ ಕಂಪ್ರೆಸರ್ ನಿಂತಿತ್ತು, ಅದಕ್ಕೇ 13 ಬಂದಿದ್ದು. ಗೋಡೆಯೊಳಗಿನ ವೈರಿಗೆ ಇದು ಏನೂ ಅಲ್ಲ, ಎಂಸಿಬಿ ಕಾಪಾಡುವುದು ಆ ವೈರನ್ನೇ. ಒಂದು 16ರ ಎಂಸಿಬಿ 18 ಆಂಪ್ಸ್ ಹರಿದರೂ ಒಂದು ಗಂಟೆ ಸುಮ್ನೆ ಇರಬೇಕು ಅಂತಲೇ ಸ್ಟ್ಯಾಂಡರ್ಡ್ ಇದೆ. 23 ದಾಟಿದರೆ ಒಂದು ಗಂಟೆಯೊಳಗೆ ಬೀಳಬೇಕು. ಅದರ ಮುಂದೆ ನೇತಾಡುತ್ತಿರುವ 6 ಆಂಪ್ಸ್ ಬೋರ್ಡು ಅದರ ಕಣ್ಣಿಗೇ ಬೀಳುವುದಿಲ್ಲ. 6ರ ಜಾಗದಲ್ಲಿ 14 ಹರಿದರೆ ಬಿಸಿ ಎರಡೂ ಚಿಲ್ಲರೆ ಪಟ್ಟು ಆಗುವುದಿಲ್ಲ, ಐದು ಪಟ್ಟು ದಾಟುತ್ತದೆ. ಕರೆಂಟು ಡಬಲ್ ಆದರೆ ಬಿಸಿ ನಾಲ್ಕು ಪಟ್ಟು. ಐಟಿಐ ಮೊದಲ ವರ್ಷದ ಪಾಠ, ನಾನು ಪಾಸಾಗಿದ್ದೇನೆ!

ಇಎಲ್‌ಸಿಬಿ ಇದ್ದರೆ ಆಗುತ್ತಿರಲಿಲ್ಲ ಅಲ್ವಾ ಅಂತ ಕಮಿಟಿಯವರು ಕೇಳಿದರು. ಇಲ್ಲ. ಅದು ನೋಡುವುದು ಹೋದ ಕರೆಂಟು ಪೂರ್ತಿ ವಾಪಸ್ ಬಂತಾ ಅಂತ. ಇಲ್ಲಿ 14 ಹೋಗಿ 14 ಬಂದಿದೆ. ಶಾಕ್‌ಗೆ ಅದು ಬೇಕೇ ಬೇಕು, ಇದಕ್ಕೆ ಆಗುವುದಿಲ್ಲ.

ಇನ್ನು ಆ ಕೇಬಲ್. ಹೊರಗಿನಿಂದ ಒಳ್ಳೇ ದಪ್ಪ. ಸುಡದೆ ಉಳಿದ ತುಂಡನ್ನು ಕತ್ತರಿಸಿದರೆ ದಪ್ಪವೆಲ್ಲ ಪ್ಲಾಸ್ಟಿಕ್ಕೇ, ನಡುವೆ ಕೂದಲಿನಂಥ ನಾಲ್ಕು ಎಳೆ. ಬ್ಲೇಡಿನಲ್ಲಿ ಕೆರೆದೆ. ತಾಮ್ರದ ಬಣ್ಣ ಹೋಗಿ ಬೆಳ್ಳಗೆ ಕಂಡಿತು. ತಾಮ್ರದ ಲೇಪ ಹಚ್ಚಿದ ಅಲ್ಯೂಮಿನಿಯಂ. ಇದು ತಾಮ್ರಕ್ಕಿಂತ ಜಾಸ್ತಿ ಕಾಯುತ್ತದೆ ಅನ್ನುವುದು ಒಂದು. ಇನ್ನೂ ಕೆಟ್ಟದ್ದು, ಸ್ಕ್ರೂ ಕೆಳಗೆ ಅಲ್ಯೂಮಿನಿಯಂ ನಿಧಾನವಾಗಿ ಚಪ್ಪಟೆಯಾಗಿ ಜಾರುತ್ತದೆ. ಇವತ್ತು ಟೈಟ್ ಮಾಡಿದ್ದು ಕೆಲವು ತಿಂಗಳಲ್ಲಿ ಲೂಸ್. ಕೇಬಲ್ ಉದ್ದ ಜಾಸ್ತಿಯಾಯಿತು ಅಂತ ಸುರುಳಿ ಸುತ್ತಿ, ಟೈ ಕಟ್ಟಿ ಫ್ರಿಜ್ ಹಿಂದೆ ತುರುಕಿದ್ದರು. ಒಳಗಿನ ಬಿಸಿಗೆ ಹೊರಗೆ ಹೋಗಲು ದಾರಿಯೇ ಇಲ್ಲ.

ಆದರೆ ಬೆಂಕಿ ಶುರುವಾಗಿದ್ದು ಕೇಬಲ್ ಮಧ್ಯದಲ್ಲಲ್ಲ. ಇಂಡಕ್ಷನ್ ಪ್ಲಗ್ ಇದ್ದ ತೂತಿನ ಸುತ್ತಲೇ ಬೋರ್ಡು ಜಾಸ್ತಿ ಕರಗಿತ್ತು. ಒಳಗಿನ ಪಟ್ಟಿಗೆ ಮ್ಯಾಗ್ನೆಟ್ ಹಿಡಿದೆ, ಟಕ್ ಅಂತ ಅಂಟಿತು. ಹಿತ್ತಾಳೆಯಲ್ಲ, ಪಾಲಿಶ್ ಮಾಡಿದ ಕಬ್ಬಿಣದ ತಗಡು. ಬಿಸಿಯಾಗಿ ಬಿಸಿಯಾಗಿ ಅದರ ಸ್ಪ್ರಿಂಗ್ ಸತ್ತು, ಪಿನ್ನನ್ನು ಸುಮ್ನೆ ಮುಟ್ಟಿಕೊಂಡಿತ್ತು, ಹಿಡಿದಿರಲಿಲ್ಲ. ಅಂಥ ಜಾಗದಲ್ಲಿ ಒಂದು ಓಮ್‌ನ ಹತ್ತನೇ ಒಂದು ಭಾಗ ತಡೆ ಇದ್ದರೂ, ಇಂಡಕ್ಷನ್ನಿನ 8 ಆಂಪ್ಸ್‌ಗೆ 6 ವ್ಯಾಟ್ ದಾಟುತ್ತದೆ. ಮೂರು ಉಪಕರಣಕ್ಕೂ ಹೋಗುವ ಕರೆಂಟು ಬೋರ್ಡಿನೊಳಗೆ ಬರುವ ಸ್ಕ್ರೂ ಹತ್ತಿರ ಅಷ್ಟೇ ತಡೆ ಇದ್ದರೆ 20 ವ್ಯಾಟ್. ಸಣ್ಣ ಸೋಲ್ಡರಿಂಗ್ ಐರನ್ ಹೆಚ್ಚುಕಡಿಮೆ ಅಷ್ಟೇ. ಅದನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿಟ್ಟು, ದಿನಾ ಎರಡು ಹೊತ್ತು ಆನ್ ಮಾಡಿದಂತೆ.

ಆ ಮೀನಿನ ವಾಸನೆಯೂ ಅಲ್ಲಿಂದಲೇ. ಸ್ವಿಚ್, ಸಾಕೆಟ್ ಮಾಡುವ ಕೆಲವು ಪ್ಲಾಸ್ಟಿಕ್‌ಗಳು ಹತ್ತಿಕೊಳ್ಳುವ ಎಷ್ಟೋ ದಿನ ಮುಂಚೆ, ಬರೀ ಕಾಯುವಾಗ, ಹಾಗೆ ನಾರುತ್ತವೆ. ಅಜ್ಜಿಯ ಮೂಗು ನನ್ನ ಟಾಂಗ್ ಟೆಸ್ಟರಿಗಿಂತ ಸರಿಯಾಗಿತ್ತು. ಅವರು ಜಾಗ ಕೂಡ ತೋರಿಸಿದ್ದರು.

ರಿಪೋರ್ಟ್ ಬರೆಯಲು ಆ್ಯಪ್ ತೆರೆದರೆ, ಕಾರಣ ಅನ್ನುವಲ್ಲಿ ಮೂರೇ ಆಯ್ಕೆ: ಶಾರ್ಟ್ ಸರ್ಕ್ಯೂಟ್, ಗ್ಯಾಸ್ ಲೀಕ್, ಇತರೆ. ಮ್ಯಾನೇಜರ್ "ಶಾರ್ಟ್ ಸರ್ಕ್ಯೂಟ್ ಹಾಕಿ ಮುಗಿಸು ಮಾರಾಯ" ಅಂದರು. ಶಾರ್ಟ್ ಆಗಿದ್ದು ನಿಜವೇ, ಇನ್ಸುಲೇಶನ್ ಕರಗಿ ವೈರಿಗೆ ವೈರು ತಾಗಿದಾಗ. ಎಂಸಿಬಿ ಬಿದ್ದಿದ್ದೂ ಆಗಲೇ. ಅದು ಕಥೆಯ ಕೊನೆ. ಆದರೆ ಹಾಗೆ ಬರೆದರೆ ಎಲ್ಲರಿಗೂ ಅನುಕೂಲ, ಶಾರ್ಟ್ ಸರ್ಕ್ಯೂಟ್ ಯಾರ ತಪ್ಪೂ ಅಲ್ಲವಲ್ಲ. ನಾನು ಇತರೆ ಒತ್ತಿ, ಎರಡು ದಿನ ಹಿಂದಿನ ನನ್ನ ಟಿಕೆಟ್ ನಂಬರೂ ಹಾಕಿದೆ. ಆ ತಿಂಗಳ ಇನ್ಸೆಂಟಿವ್ ಬರಲಿಲ್ಲ.

204ಕ್ಕೆ ಡಿಬಿಯಿಂದ ಹೊಸದಾಗಿ 2.5 ಸ್ಕ್ವೇರ್ ಎಂಎಂ ತಾಮ್ರದ ಲೈನ್ ಎಳೆದೆವು, ಇಂಡಕ್ಷನ್‌ಗೆ ಅಂತಲೇ, ಅದರದೇ ಎಂಸಿಬಿ ಹಾಕಿ. ಹಳೇ ಪೈಪಿನಲ್ಲಿ ಜಾಗ ಇರಲಿಲ್ಲ, ಗೋಡೆ ಮೇಲೆ ಕೇಸಿಂಗ್ ಓಡಿಸಬೇಕಾಯಿತು. ಸೊಸೆಗೆ ಅದು ಚೆಂದ ಕಾಣುವುದಿಲ್ಲ ಅಂತ ಬೇಜಾರು. ಮೈಕ್ರೋವೇವ್ ನೇರ ಹಳೇ ಪಾಯಿಂಟಿಗೆ, ಸಾಕೆಟ್ ಮಾತ್ರ ಹೊಸದು. ಓವರ್‌ಲೋಡ್ ಬಟನ್ ಇರುವ ಒಳ್ಳೇ ಬೋರ್ಡ್ ತಂದರೆ ಸಾಲದಾ ಅಂತ ಮಗ ಕೇಳಿದರು. ಆ ಬಟನ್ ಒಟ್ಟು ಕರೆಂಟು ಮಿತಿ ಮೀರಿದರೆ ಬೀಳುತ್ತದೆ, ಸರಿ. ಒಂದು ಪಿನ್ ಲೂಸ್ ಆಗಿ ಕಾಯುತ್ತಿದ್ದರೆ ಅದಕ್ಕೂ ತಿಳಿಯುವುದಿಲ್ಲ. ಕಾಯಿಸುವ ಸಾಮಾನು ಯಾವುದನ್ನೂ ಬೋರ್ಡಿಗೆ ಹಾಕಬೇಡಿ ಸಾರ್ ಅಂದೆ. ಫೋನು, ವೈಫೈಗೆ ಬೋರ್ಡು ಸಾಕು.

ಈಗ ಯಾರ ಮನೆಗೆ ಹೋದರೂ ಡಿಬಿಗೆ ಮುಂಚೆ ಪ್ಲಗ್. ಅರ್ಧ ಗಂಟೆ ಲೋಡ್ ಓಡಿದ ಮೇಲೆ ಸ್ವಿಚ್ ಆಫ್ ಮಾಡಿ, ಪ್ಲಗ್ಗಿಗೆ ಕೈಯ ಹಿಂಭಾಗ ಇಟ್ಟು ನೋಡುತ್ತೇನೆ. ಉಗುರುಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಬಿಚ್ಚುವುದೇ. ತೂತಿನ ಸುತ್ತ ಕಂದು ಬಣ್ಣ, ಒಂದು ಪಿನ್ ಮಾತ್ರ ಕಪ್ಪಾಗಿರುವುದು, ಪ್ಲಗ್ ಅಲ್ಲಾಡಿಸಿದರೆ ಚರ್ ಅನ್ನುವ ಸದ್ದು, ಇವೂ ಅಷ್ಟೇ. ಐಆರ್ ಥರ್ಮಾಮೀಟರ್ ಕೊಡಿ ಅಂತ ಏಜೆನ್ಸಿಗೆ ಮೂರು ಮೇಲ್ ಹಾಕಿ, ಕೊನೆಗೆ ಸ್ವಂತ ದುಡ್ಡಲ್ಲಿ ತಗೊಂಡೆ. ಹೊಳೆಯುವ ಪಿನ್ನಿಗೆ ಹಿಡಿದರೆ ಅದು ಕಡಿಮೆ ತೋರಿಸುತ್ತದೆ, ಪ್ಲಾಸ್ಟಿಕ್‌ಗೇ ಹಿಡಿಯಬೇಕು. ಮೀಟರ್ ರೂಮಿನ ನಂಬರ್‌ಗಳನ್ನು ನಾನೇ ಪೇಂಟ್ ತಂದು ಬರೆದೆ.

ಹೋದ ವಾರ 302ರಿಂದ ಟಿಕೆಟ್: ಪಕ್ಕದ ಮನೆಯಿಂದ ಮೀನಿನ ವಾಸನೆ. ಥರ್ಮಾಮೀಟರ್ ಹಿಡಿದು ಎರಡೆರಡು ಮೆಟ್ಟಿಲು ಹಾರಿ ಹೋದೆ. 303ರ ಬಾಗಿಲು ತೆರೆದವರು ಮಂಗಳೂರಿನ ಆಂಟಿ, ಕೈಯಲ್ಲಿ ಸೌಟು. ಬಂಗುಡೆ. ನಾನು ಫ್ರಿಜ್ ಹಿಂದೆ ಬಗ್ಗಿದ್ದು ನೋಡಿ, "ಎಂಥದು ಹುಡುಕ್ತಿದ್ದೀರಿ ಮಾರಾಯ್ರೇ, ಮೀನು ಇಲ್ಲುಂಟು" ಅಂದರು.